ಮೊದಲ ವೆಬ್‌ಸೈಟಿಗೆ ಯಾವ ಹೋಸ್ಟಿಂಗ್?

ಎಲ್ಲರಿಗೂ ನಮಸ್ಕಾರ. ಈ ವಾರ ಮೂರ್ನಾಲ್ಕು ಜನ ಇದನ್ನೇ ಕೇಳಿದ್ದೀರಿ, ಅದಕ್ಕೆ ಒಟ್ಟಿಗೆ ಬರೆಯುತ್ತಿದ್ದೇನೆ.

ಹೋಂಸ್ಟೇ, ಅಂಗಡಿ ತರಹದ ನಾಲ್ಕೈದು ಪುಟದ ಸೈಟಿಗೆ ಶೇರ್ಡ್ ಹೋಸ್ಟಿಂಗ್ ಸಾಕು. ಅದರಲ್ಲಿ ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುತ್ತವೆ. ವಠಾರದ ಮನೆ ಇದ್ದಂತೆ, ಎಲ್ಲರಿಗೂ ಒಂದೇ ಟ್ಯಾಂಕಿನ ನೀರು. ನಿಮ್ಮ ಪಾಲು ಮುಗಿದರೆ ಎಷ್ಟೋ ಕಡೆ `508 Resource Limit Is Reached` ಅಂತ ಬರುತ್ತದೆ. ಗಾಬರಿ ಬೇಡ. ಮೊದಲು ಭಾರದ ಪ್ಲಗಿನ್ ತೆಗೆದು, ಕ್ಯಾಶಿಂಗ್ ಆನ್ ಮಾಡಿ ನೋಡಿ. ಆಮೇಲೂ ದಿನಾ ಬಂದರೆ ಮಾತ್ರ ದೊಡ್ಡ ಪ್ಲಾನ್ ಯೋಚಿಸಿ.

ವಿಪಿಎಸ್ ಅಂದರೆ ನಿಮಗೇ ಮೀಸಲಾದ ವರ್ಚುವಲ್ ಸರ್ವರ್. ಸ್ವಂತ ನಲ್ಲಿ ಇದ್ದಂತೆ, ಆದರೆ ರಿಪೇರಿಯೂ ನಿಮ್ಮದೇ. ನಾನು ಆಸೆಗೆ ಬಿದ್ದು 1 ಜಿಬಿ ರ‍್ಯಾಮಿನದು ತಗೊಂಡಿದ್ದೆ. ಒಂದು ರಾತ್ರಿ ಡೇಟಾಬೇಸ್ ನಿಂತುಹೋಯಿತು. ಮೆಮೊರಿ ಸಾಲದೆ ಲಿನಕ್ಸೇ ಅದನ್ನು ನಿಲ್ಲಿಸಿತ್ತು! ಬೆಳಿಗ್ಗೆ ಗ್ರಾಹಕರೊಬ್ಬರು ಫೋನ್ ಮಾಡುವ ತನಕ ನನಗೆ ಗೊತ್ತೇ ಇರಲಿಲ್ಲ. ಸರ್ವರ್ ಅಪ್‌ಡೇಟ್ ಮಾಡಲು `sudo apt upgrade` ಅಂತ ಹೊಡೆಯಲು ಕೈ ನಡುಗುವವರು ಸದ್ಯಕ್ಕೆ ದೂರ ಇರಿ.

ಮ್ಯಾನೇಜ್ಡ್ ಹೋಸ್ಟಿಂಗ್‌ನಲ್ಲಿ ಸರ್ವರ್ ಅಪ್‌ಡೇಟ್, ಬ್ಯಾಕಪ್ ಸಾಮಾನ್ಯವಾಗಿ ಹೋಸ್ಟಿಂಗ್ ಕಂಪನಿಯವರೇ ನೋಡಿಕೊಳ್ಳುತ್ತಾರೆ. ದುಡ್ಡು ಜಾಸ್ತಿ. ಸೈಟಿನಲ್ಲೇ ವ್ಯಾಪಾರ ನಡೆಯುವವರಿಗೆ ಅದು ಸರಿ.

ದುಡ್ಡು ಕಟ್ಟುವ ಮೊದಲು ರಿನ್ಯೂವಲ್ ದರ ನೋಡಿ. ದೊಡ್ಡಕ್ಷರದಲ್ಲಿ ಇರುವುದು ಬಹಳ ಸಲ ಮೊದಲ ಅವಧಿಯ ಆಫರ್ ಅಷ್ಟೇ. ಯಾವುದೇ ತಗೊಂಡರೂ ಡೊಮೈನ್ ನಿಮ್ಮ ಹೆಸರಲ್ಲೇ ಇರಲಿ, ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಲ್ಲಿ ಬೇಡ.