ಅಗ್ನಿವೀರ್ ರ್‍ಯಾಲಿಗೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. 2023ರಿಂದ ಸೇನೆಯ ಅಗ್ನಿವೀರ್ ಆಯ್ಕೆಯಲ್ಲಿ ಮೊದಲು ಕಂಪ್ಯೂಟರ್ ಪರೀಕ್ಷೆ. ಅದರಲ್ಲಿ ಪಾಸಾದವರಿಗೆ ಮಾತ್ರ ರ್‍ಯಾಲಿ, ನಂತರ ಮೆಡಿಕಲ್.

ಜನರಲ್ ಡ್ಯೂಟಿಗೆ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಮಂಗಳಾ ಸ್ಟೇಡಿಯಂನಲ್ಲಾದರೆ ನಾಲ್ಕು ಸುತ್ತು, ಒಂದೊಂದಕ್ಕೆ 82 ಸೆಕೆಂಡು. ನಮ್ಮ ಹುಡುಗರು ಮೊದಲ ಸುತ್ತನ್ನೇ 70ರಲ್ಲಿ ಓಡಿಬಿಡುತ್ತಾರೆ, ಮೂರನೆಯದರಲ್ಲಿ ಕಾಲು ಸೋಲುತ್ತದೆ. ಗಡಿಯಾರ ನೋಡಿಕೊಂಡು ಒಂದೇ ವೇಗದಲ್ಲಿ ಓಡಿ. ಎದೆ ಉಸಿರೆಳೆದಾಗ 5 ಸೆಂ.ಮೀ. ಹಿಗ್ಗಬೇಕು. ಮನೆಯಲ್ಲೇ ಟೇಪು ಹಿಡಿದು ನೋಡಿ.

ಮೆಡಿಕಲ್‌ನಲ್ಲಿ ಅನ್‌ಫಿಟ್ ಅಂದರೆ ಹೆದರಬೇಡಿ. ಮಿಲಿಟರಿ ಆಸ್ಪತ್ರೆಯಲ್ಲಿ ಮರುಪರೀಕ್ಷೆಗೆ ಅವಕಾಶವಿದೆ. ದಲ್ಲಾಳಿಗಳು ಕಾಯುವುದೇ ಈ ಹೊತ್ತಿಗೆ. ಹತ್ತು ಜನರಿಂದ ದುಡ್ಡು ತಗೊಳ್ತಾರೆ. ಮೂವರು ಸ್ವಂತ ಬಲದಿಂದ ಪಾಸಾದರೆ "ನಾನೇ ಮಾಡಿಸಿದ್ದು" ಅನ್ನುತ್ತಾರೆ, ಉಳಿದವರಿಗೆ ದುಡ್ಡು ವಾಪಸ್ ಕೊಟ್ಟು ಒಳ್ಳೆಯವರಾಗುತ್ತಾರೆ. ಅಂದರೆ ಅವರು ಮಾಡುವುದು ಏನೂ ಇಲ್ಲ, ಅಲ್ವಾ? ಯಾರಾದರೂ ಒರಿಜಿನಲ್ ಮಾರ್ಕ್ಸ್‌ಕಾರ್ಡ್ "ಭದ್ರತೆಗೆ" ಕೇಳಿದರೆ ಖಂಡಿತ ಕೊಡಬೇಡಿ. ಅದಿಲ್ಲದೆ ರ್‍ಯಾಲಿಯಲ್ಲಿ ದಾಖಲೆ ಪರಿಶೀಲನೆಗೇ ನಿಲ್ಲಲಾಗದು.

ಅಡ್ಮಿಟ್ ಕಾರ್ಡ್, ಫಲಿತಾಂಶ ಎರಡನ್ನೂ joinindianarmy.nic.in ನಲ್ಲೇ ನೋಡಿ. ಯಾರಾದರೂ ದುಡ್ಡು ಕೇಳಿದ್ದರೆ ಇವತ್ತೇ ನನಗೆ ಫೋನ್ ಮಾಡಿ, ಠಾಣೆಗೆ ನಾನೂ ಜೊತೆಗೆ ಬರುತ್ತೇನೆ.