ಕಾರ್ಡ್‌ಗಳಲ್ಲಿ ‘5ರವರೆಗೆ’ ಬೇಡ

ಭಾನುವಾರ ಹಾಸನದಲ್ಲಿ ನಮ್ಮ ಕಾರ್ಡ್ ಆಟ ಆಡುವಾಗ ಎಷ್ಟು ಕಾರ್ಡ್ ಎತ್ತಬೇಕೆಂದು ಜಗಳ ಆಯ್ತಲ್ಲ, ತಪ್ಪು ಕಾರ್ಡ್‌ಗಳಿಗೆ ನಾನು ಮಾಡಿದ ಕನ್ನಡ ಅನುವಾದದ್ದೇ. ‘5 ಕಾರ್ಡ್‌ವರೆಗೆ ಎತ್ತಿಕೊಳ್ಳಿ’ ಎಂದು ಬರೆದಿದ್ದೆ. ಇಬ್ಬರ ಕೈಯಲ್ಲೂ 3 ಕಾರ್ಡ್ ಇತ್ತು. ಒಬ್ಬರು 2 ಎತ್ತಿ 5 ಮಾಡಿಕೊಂಡರು, ಇನ್ನೊಬ್ಬರು 5 ಎತ್ತಿ 8 ಮಾಡಿಕೊಂಡರು. ವಾಕ್ಯ ನೋಡಿದರೆ ಇಬ್ಬರದೂ ಸರಿ! ಮೂಲ ನಿಯಮದಲ್ಲಿರುವುದು ಕೈ ತುಂಬಿಸುವುದು. ಹಾಗಾಗಿ ಹೀಗೆ ತಿದ್ದಿದ್ದೇನೆ: ‘ಕೈಯಲ್ಲಿ ಒಟ್ಟು 5 ಕಾರ್ಡ್ ಆಗುವಷ್ಟು ಎತ್ತಿಕೊಳ್ಳಿ. ಆಗಲೇ 5 ಅಥವಾ ಜಾಸ್ತಿ ಇದ್ದರೆ ಎತ್ತಬೇಡಿ.’ ಆಟಗಾರರ ಇಷ್ಟಕ್ಕೆ ಬಿಟ್ಟ ಕಡೆ, ‘0ಯಿಂದ 5 ಕಾರ್ಡ್ ಎತ್ತಬಹುದು’. ಉದ್ದವಾಯ್ತು, ಅಲ್ವಾ? ಜಾಗ ಸಾಲದಿದ್ದರೆ ಅಕ್ಷರ ಚಿಕ್ಕದು ಮಾಡೋಣ, ‘ಒಟ್ಟು’ ಮಾತ್ರ ತೆಗೆಯಬೇಡಿ. ‘ವರೆಗೆ’ ಇರುವ ಬೇರೆ ಕಾರ್ಡ್ ಕಂಡರೆ ಫೋಟೋ ಹಾಕಿ. ಬುಧವಾರ ಮತ್ತೆ ಪ್ರಿಂಟ್ ಹಾಕಿಸುತ್ತೇನೆ.