ತುಂಬಿದ ವಯಸ್ಸೋ, ನಡೆಯುವ ವಯಸ್ಸೋ?

ಮಾನ್ಯ ಸಂಪಾದಕರೇ,

ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿದ ಡಾ. ಆನಂದಿಬಾಯಿ ಜೋಶಿಯವರ ಎಳೆವಯಸ್ಸಿನ ಬಗ್ಗೆ ರೇಡಿಯೋ ಭಾಷಣ ಬರೆಯುವವರಿಗೆ ಒಂದು ಮಾತು. ಅವರು ಡಾಕ್ಟರಾದಾಗಿನ ವಯಸ್ಸನ್ನು ಒಬ್ಬರು 19 ಎನ್ನುತ್ತಾರೆ, ಇನ್ನೊಬ್ಬರು 21. ಎರಡೂ ಸರಿಯಲ್ಲ. ಹುಟ್ಟಿದ್ದು 1865ರ ಮಾರ್ಚ್ 31. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಪದವಿ ಸಿಕ್ಕಿದ್ದು 1886ರ ಮಾರ್ಚ್ 11. ಇಸವಿಯಿಂದ ಇಸವಿ ಕಳೆದರೆ 21 ಬರುತ್ತದೆ, ನಿಜ. ಆದರೆ ಹುಟ್ಟುಹಬ್ಬಕ್ಕೆ ಇನ್ನೂ 20 ದಿನ ಬಾಕಿಯಿತ್ತು. 20 ತುಂಬಿ 21 ನಡೆಯುತ್ತಿತ್ತು, ಅಷ್ಟೆ. ಸಾವಿನ ದಿನದಲ್ಲೂ ಇದೇ ಎಡವಟ್ಟು. 1887ರ ಫೆಬ್ರುವರಿ 26ಕ್ಕೆ ಅವರಿಗೆ 21 ತುಂಬಿತ್ತು. ‘22ನೇ ವಯಸ್ಸಿನಲ್ಲಿ’ ಎಂದರೆ ಸರಿ, ‘22 ತುಂಬಿದಾಗ’ ಎಂದರೆ ತಪ್ಪು.

ಈ ಗೊಂದಲ ಹುಟ್ಟುವುದೇ ನಮ್ಮ ಮನೆಗಳಲ್ಲಿ ವಯಸ್ಸನ್ನು ಎರಡು ಬಗೆಯಲ್ಲಿ ಹೇಳುವುದರಿಂದ. ಒಂದು ಪುಸ್ತಕದಿಂದ ತುಂಬಿದ ವಯಸ್ಸು, ಇನ್ನೊಂದರಿಂದ ನಡೆಯುವ ವಯಸ್ಸು ಎತ್ತಿಕೊಂಡರೆ ಒಂದೇ ಭಾಷಣದೊಳಗೆ ಲೆಕ್ಕ ತಾಳೆಯಾಗುವುದಿಲ್ಲ. ಆದ್ದರಿಂದ ಹಾಳೆಯ ಅಂಚಿನಲ್ಲಿ ಪ್ರತಿ ಘಟನೆಯ ತಾರೀಕು ಬರೆದು, ಅದರಿಂದ ಹುಟ್ಟಿದ ತಾರೀಕನ್ನೇ ಕಳೆಯಬೇಕು. ತಾರೀಕು ಸಿಗದ ಕಡೆ ವಯಸ್ಸನ್ನು ಬಿಗಿಯಾಗಿ ಹೇಳಬಾರದು. ಅವರ ಮಗು ಹುಟ್ಟಿ ಹತ್ತೇ ದಿನಕ್ಕೆ ತೀರಿಕೊಂಡ ಪ್ರಸಂಗಕ್ಕೆ ‘ಹದಿನಾಲ್ಕರ ಆಸುಪಾಸಿನಲ್ಲಿ’ ಎಂದರೆ ಸಾಕು.

ಹೆಸರಿನಲ್ಲೂ ಇಂಥದೇ ಎಚ್ಚರ ಬೇಕು. ಮುಂಬೈ ಬಳಿಯ ಕಲ್ಯಾಣದಲ್ಲಿ ಬೆಳೆದ ಹುಡುಗಿಯ ಹೆಸರು ಯಮುನಾ. ಒಂಬತ್ತರ ಆಸುಪಾಸಿನಲ್ಲಿ ಅಂಚೆ ಇಲಾಖೆಯ ಗುಮಾಸ್ತ ಗೋಪಾಲರಾವ್ ಅವರನ್ನು ಮದುವೆಯಾದ ಮೇಲೆ ಆನಂದಿ ಆದರು. ‘ಪುಟ್ಟ ಆನಂದಿ ಅಂಗಳದಲ್ಲಿ ಆಡುತ್ತಿದ್ದಳು’ ಎಂದು ಭಾಷಣ ಶುರುಮಾಡಿದರೆ ಮೊದಲ ವಾಕ್ಯದಲ್ಲೇ ತಪ್ಪಿದಂತೆ.

ಹಡಗಿನ ಪ್ರಸಂಗದಲ್ಲಿ ಗಂಡನನ್ನೂ ಜೊತೆಗೆ ಹತ್ತಿಸಿಬಿಡುವವರಿದ್ದಾರೆ. 1883ರ ಏಪ್ರಿಲ್‌ನಲ್ಲಿ ಕಲ್ಕತ್ತದಿಂದ ಹೊರಟಾಗ ಗೋಪಾಲರಾವ್ ಜೊತೆಗಿರಲಿಲ್ಲ. ಮಿಷನರಿ ಹೆಂಗಸರ ಜೊತೆ ಹೋದರು. 18 ತುಂಬಿ ಕೆಲವೇ ದಿನವಾಗಿತ್ತು. ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದಾಗ ಆಸರೆ ಕೊಟ್ಟವರು ನ್ಯೂಜೆರ್ಸಿಯ ಥಿಯೋಡೋಸಿಯಾ ಕಾರ್ಪೆಂಟರ್. ಅವರು ಈ ಹುಡುಗಿಯ ವಿಷಯ ಓದಿದ್ದು ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದಾಗ, ಒಂದು ಮಿಷನರಿ ಪತ್ರಿಕೆಯಲ್ಲಿ. ಭಾಷಣದಲ್ಲಿ ಇದಕ್ಕೆ ಒಂದು ನಿಮಿಷ ಕೊಡಬಹುದು, ಕೇಳುಗರ ಕಣ್ಣಿಗೆ ಕಟ್ಟುತ್ತದೆ.

‘ಭಾರತದ ಮೊದಲ ವೈದ್ಯೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದೂ ಬೇಡ. ಕಲ್ಕತ್ತದಲ್ಲಿ ಕಾದಂಬಿನಿ ಗಂಗೂಲಿಯವರು ವೈದ್ಯರಾದದ್ದೂ 1886ರಲ್ಲೇ. ‘ಅಮೆರಿಕದಲ್ಲಿ ಪದವಿ ಪಡೆದ’ ಎಂದು ಸೇರಿಸಿದರೆ ತಕರಾರಿಲ್ಲ.

ಕೊನೆಗೆ, ಓದುವ ಪ್ರತಿಯಲ್ಲಿ ಇಸವಿಯನ್ನು ಅಂಕಿಯಲ್ಲಿ ಬಿಡದೆ ‘ಸಾವಿರದ ಎಂಟುನೂರ ಎಂಬತ್ತಮೂರು’ ಎಂದು ಅಕ್ಷರದಲ್ಲೇ ಬರೆದಿಡಿ. ಮೈಕಿನ ಮುಂದೆ 1883 ಮತ್ತು 1886 ಅದಲುಬದಲಾಗುವುದು ಅಂಕಿಯಿಂದ ಓದುವಾಗಲೇ. ಕೇಳುಗರಿಗೆ ಪುಟ ಹಿಂದೆ ತಿರುಗಿಸಲು ಆಗುವುದಿಲ್ಲವಲ್ಲ.

– ಒಬ್ಬ ಕೇಳುಗ, ಧಾರವಾಡ